ಕೈಗುಣದ ತಪ್ಪಲ್ಲ, ಡಬ್ಬದ ತಪ್ಪು

ಕಳೆದ ಏಪ್ರಿಲ್‌ನಲ್ಲಿ ಧಾರವಾಡದಿಂದ ಒಬ್ಬರು ಅಮ್ಮ ನಮಗೆ ಮೆಸೇಜ್ ಕಳಿಸಿದ್ರು. ಜೊತೆಗೊಂದು ಫೋಟೋ. ಕಾಂಡದ ಬುಡ ಕಪ್ಪಾಗಿ, ಎಲೆ ಎಲ್ಲ ಉದುರಿದ್ದ ಜೇಡ್ ಗಿಡ. ಕೆಳಗೆ ಹೀಗೆ ಬರೆದಿದ್ರು: "ಗಿಡ ಹೋಯ್ತ್ರೀ. ನಿಮ್ಮದೇನೂ ತಪ್ಪಿಲ್ಲ, ಚಂದ ಪ್ಯಾಕ್ ಮಾಡಿ ಕಳಿಸಿದ್ರಿ. ನನ್ನ ಕೈಗುಣಾನ ಸರಿ ಇಲ್ಲ ಬಿಡ್ರಿ."

ಮೊದಲು ಓದಿದಾಗ ನಮಗೆ ಸಮಾಧಾನ ಆಯ್ತು. ದುಡ್ಡು ವಾಪಸ್ ಕೇಳಲಿಲ್ವಲ್ಲ ಅಂತ. ರಾತ್ರಿ ಮೆಸ್‌ನಲ್ಲಿ ಊಟ ಮಾಡ್ತಾ ಕೂತಾಗ ಮಾತ್ರ ನಾಲ್ಕೂ ಜನಕ್ಕೆ ಒಂಥರಾ ಕಸಿವಿಸಿ. ಯಾಕಂದ್ರೆ ಅದೇ ವಾರ ಬೇರೆ ಊರುಗಳಿಂದ ಇಂಥದ್ದೇ ಫೋಟೋಗಳು ಬಂದಿದ್ವು. ಒಂದೇ ವಾರದಲ್ಲಿ ಇಷ್ಟು ಊರಿನ ಇಷ್ಟು ಜನರ ಕೈಗುಣ ಒಟ್ಟಿಗೆ ಕೆಡೋಕೆ ಸಾಧ್ಯ ಇಲ್ಲ. ಕೆಟ್ಟಿದ್ದು ನಮ್ಮ ಡಬ್ಬ.

ಈ ಬರಹದಲ್ಲಿ ನಾವು ಹೇಳೋಕೆ ಹೊರಟಿರೋದು ಇಷ್ಟೇ. ಆನ್‌ಲೈನ್‌ನಲ್ಲಿ ಗಿಡ, ಬೀಜ ಮಾರೋರು ಕಳಿಸೋ ಮುಂಚೆ ತಾವೇ ಪರೀಕ್ಷೆ ಮಾಡಬೇಕು, ಪರೀಕ್ಷೆಯ ಫಲಿತಾಂಶವನ್ನ ಕೊಳ್ಳೋರಿಗೆ ಬರೆದು ಕೊಡಬೇಕು. ಬೇರೆ ಯಾವ ಸಾಮಾನು ಹಾಳಾಗಿ ಬಂದ್ರೂ ಜನ ಅಂಗಡಿಯವನನ್ನ ಬೈತಾರೆ. ಗಿಡ ಸತ್ತರೆ ಮಾತ್ರ ತಮ್ಮನ್ನೇ ಬೈಕೊಳ್ತಾರೆ. ಹಾಗಾಗಿ ಈ ವ್ಯಾಪಾರದಲ್ಲಿ ತಪ್ಪು ಮಾಡಿದವನಿಗೆ ತಪ್ಪು ಗೊತ್ತಾಗೋದೇ ಇಲ್ಲ. ಫೀಡ್‌ಬ್ಯಾಕ್ ಇಲ್ಲದ ಕಂಟ್ರೋಲ್ ಸಿಸ್ಟಂ ಏನಾಗುತ್ತೆ ಅಂತ ನಿಮಗೇನೂ ಹೊಸದಾಗಿ ಹೇಳಬೇಕಿಲ್ಲ.

ನಾವು ಮಾಡಿದ ತಪ್ಪು

ನಾವು ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬಳು ಬಯೋಟೆಕ್, ಒಬ್ಬ ಇ.ಸಿ. ಹಾಸ್ಟೆಲ್ ಟೆರೇಸ್ ಮೇಲೆ ಬೆಳೆಸಿದ್ದ ಗಿಡಗಳಿಂದ ಮರಿ ಗಿಡ ಮಾಡಿ ಮಾರೋಣ ಅಂತ ಶುರು ಮಾಡಿದ್ವಿ. ಮೊದಲ ಸಲ 24 ಪಾರ್ಸೆಲ್ ಹೋದವು: 10 ಜೇಡ್, 8 ಮನಿ ಪ್ಲಾಂಟ್, 6 ತುಳಸಿ. ಎಲ್ಲ ನಾಲ್ಕಿಂಚಿನ ಪ್ಲಾಸ್ಟಿಕ್ ಕುಂಡದಲ್ಲಿ, ಮಣ್ಣಿನ ಸಮೇತ. ಹೊರಡೋ ದಿನ ಬೆಳಿಗ್ಗೆ ಎಲ್ಲಕ್ಕೂ ಚೆನ್ನಾಗಿ ನೀರು ಹಾಕಿದ್ವಿ. ಪ್ರಯಾಣಕ್ಕೆ ಹೊರಟೋರಿಗೆ ಹೊಟ್ಟೆ ತುಂಬ ಊಟ ಹಾಕಿ ಕಳಿಸ್ತಾರಲ್ಲ, ಹಾಗೆ. ಡಬ್ಬದ ಮೇಲೆ ದೊಡ್ಡದಾಗಿ ಬಾಣದ ಗುರುತು ಹಾಕಿ "ಈ ಕಡೆ ಮೇಲೆ" ಅಂತ ಬರೆದ್ವಿ. ಗುರುವಾರ ಸಂಜೆ ಕೊರಿಯರ್‌ಗೆ ಕೊಟ್ವಿ.

ಹದಿನೈದು ದಿನದೊಳಗೆ 11 ಗಿಡ ಸತ್ತ ಸುದ್ದಿ ಬಂತು. ತುಳಸಿ 5, ಜೇಡ್ 4, ಮನಿ ಪ್ಲಾಂಟ್ 2. ಅದರಲ್ಲಿ ಜಗಳ ಮಾಡಿದೋರು ಇಬ್ಬರೇ. ಉಳಿದೋರೆಲ್ಲ "ನಾನೇ ನೀರು ಜಾಸ್ತಿ ಹಾಕಿದೆನೇನೋ", "ನಮ್ಮನೇಲಿ ಬಿಸಿಲು ಬರಲ್ಲ" ಅಂತ ನಮ್ಮ ಪರವಾಗಿ ತಾವೇ ಕಾರಣ ಹುಡುಕಿಕೊಟ್ರು.

ಅಸಲಿಗೆ ಡಬ್ಬದೊಳಗೆ ಏನಾಗುತ್ತೆ ನೋಡಿ. ಮುಚ್ಚಿದ ಡಬ್ಬದಲ್ಲಿ ಬೆಳಕಿಲ್ಲ, ಹಾಗಾಗಿ ಆಹಾರ ತಯಾರಿ ನಿಂತುಹೋಗುತ್ತೆ. ಆದ್ರೆ ಉಸಿರಾಟ ನಿಲ್ಲಲ್ಲ. ಗಿಡ ಕೂಡಿಟ್ಟ ಸಕ್ಕರೆಯನ್ನ ಖರ್ಚು ಮಾಡ್ತಾ ಇರುತ್ತೆ. ಬಿಸಿ ಹೆಚ್ಚಾದಷ್ಟೂ ಖರ್ಚು ಹೆಚ್ಚು. ಒದ್ದೆ ಮಣ್ಣಿನಿಂದ, ಎಲೆಯಿಂದ ಆವಿ ಏಳುತ್ತೆ, ಹೋಗೋಕೆ ಜಾಗ ಇಲ್ಲ. ಹಗಲು ಲಾರಿಯೊಳಗೆ ಕಾದ ಡಬ್ಬ ರಾತ್ರಿ ತಣ್ಣಗಾದಾಗ ಆ ಆವಿಯೆಲ್ಲ ಹನಿಯಾಗಿ ಎಲೆ, ಕಾಂಡದ ಮೇಲೆ ಕೂರುತ್ತೆ. ಒದ್ದೆ, ಕತ್ತಲು, ಬಿಸಿ, ಗಾಳಿಯಿಲ್ಲ. ಕೊಳೆಸೋ ಶಿಲೀಂಧ್ರಕ್ಕೂ ಬ್ಯಾಕ್ಟೀರಿಯಾಕ್ಕೂ ಇದಕ್ಕಿಂತ ಒಳ್ಳೆ ಮನೆ ಬೇಕಾ? ಇದರ ಜೊತೆ ಡಬ್ಬ ಉರುಳಿದಾಗ ಮಣ್ಣು ಚೆಲ್ಲಿ ಎಲೆಯನ್ನ ಉಜ್ಜುತ್ತೆ. ಉಜ್ಜಿದ ಗಾಯವೇ ರೋಗಕ್ಕೆ ಬಾಗಿಲು.

ಅಂದ್ರೆ ನಮ್ಮ ಗಿಡಗಳು ಬಾಯಾರಿ ಸತ್ತಿದ್ದಲ್ಲ. ಪ್ರೀತಿಯಿಂದ ಹಾಕಿದ ಆ ಕೊನೆಯ ನೀರೇ ಅವನ್ನ ಕೊಂದಿದ್ದು.

ಕಪಾಟಿನೊಳಗೆ ಆರು ದಿನ

ಇದೆಲ್ಲ ಊಹೆ ಮಾತ್ರ ಆಗಬಾರದು ಅಂತ ನಾವೊಂದು ಪರೀಕ್ಷೆ ಮಾಡಿದ್ವಿ. ಸುಮಾರು ಒಂದೇ ಗಾತ್ರದ ಆರು ಜೇಡ್ ಗಿಡ ತಗೊಂಡ್ವಿ. ಎರಡನ್ನ ಹಳೆ ರೀತಿಯಲ್ಲಿ, ಒದ್ದೆ ಮಣ್ಣಿನ ಕುಂಡದ ಸಮೇತ. ಎರಡನ್ನ ಮಣ್ಣು ಉದುರಿಸಿ, ಬರಿ ಬೇರಿನಲ್ಲಿ, ಅದೇ ದಿನ. ಇನ್ನೆರಡನ್ನ ಮಣ್ಣು ಉದುರಿಸಿ, ಮೂರು ದಿನ ನೆರಳಲ್ಲಿ ಪೇಪರ್ ಮೇಲೆ ಹರಡಿ ಒಣಗಿಸಿ, ಆಮೇಲೆ. ಆರೂ ಡಬ್ಬಗಳನ್ನ ಟೆರೇಸ್ ಪಕ್ಕದ ಬಿಸಿ ರೂಮಿನ ಕಪಾಟಿನಲ್ಲಿ ಆರು ದಿನ ಇಟ್ವಿ. ದಿನಾ ಒಂದು ಸಲ ತಲೆಕೆಳಗೆ ಮಾಡ್ತಿದ್ವಿ, ಒಂದು ಸಲ ಸೊಂಟದೆತ್ತರದಿಂದ ಬೀಳಿಸ್ತಿದ್ವಿ. ಯಾಕಂದ್ರೆ ಡಬ್ಬದ ಮೇಲಿನ ಬಾಣದ ಗುರುತನ್ನ ದಾರಿಯಲ್ಲಿ ಯಾರೂ ನೋಡಲ್ಲ. ತಲೆಕೆಳಗಾಗೇ ಹೋಗುತ್ತೆ ಅಂದ್ಕೊಂಡೇ ಪ್ಯಾಕ್ ಮಾಡಬೇಕು.

ಇ.ಸಿ. ಗೆಳೆಯ ಒಂದು ಒದ್ದೆ ಡಬ್ಬದಲ್ಲಿ ಡಿಎಚ್‌ಟಿ22 ಸೆನ್ಸರ್ ಇಟ್ಟಿದ್ದ. ಮೊದಲ ಸಂಜೆಯೊಳಗೇ ತೇವಾಂಶ 99 ಶೇಕಡಾಕ್ಕೆ ಹತ್ತಿ ಅಲ್ಲೇ ಕೂತುಬಿಡ್ತು. ಏಳನೇ ದಿನ ಡಬ್ಬ ತೆಗೆದಾಗ ಒದ್ದೆ ಕುಂಡದ ಎರಡರಲ್ಲೂ ಬುಡ ಮೆತ್ತಗಾಗಿತ್ತು, ಮಣ್ಣು ಅರ್ಧ ಹೊರಗೆ, ಹುಳಿ ವಾಸನೆ. ಅದೇ ದಿನ ಪ್ಯಾಕ್ ಮಾಡಿದ ಬರಿಬೇರಿನ ಗಿಡಗಳಲ್ಲಿ ಒಂದು ಚೆನ್ನಾಗಿತ್ತು, ಇನ್ನೊಂದರ ಹರಿದ ಬೇರಿನಿಂದ ಕೊಳೆತ ಶುರುವಾಗಿತ್ತು. ಮೂರು ದಿನ ಒಣಗಿಸಿದವುಗಳ ಎಲೆ ಸ್ವಲ್ಪ ಸುಕ್ಕಾಗಿದ್ವು, ಅಷ್ಟೇ. ನೆಟ್ಟ ಎರಡು ವಾರದಲ್ಲಿ ಎರಡೂ ಹೊಸ ಬೇರು ಬಿಟ್ಟವು.

ಬರೀ ಆರು ಗಿಡ, ಇದರಿಂದ ಪೇಪರ್ ಬರೆಯೋಕಾಗಲ್ಲ ಅಂತ ನಮಗೂ ಗೊತ್ತು. ಆದ್ರೆ ಕಾರಣ ಸರಳ. ಜೇಡ್‌ನಂಥ ದಪ್ಪ ಎಲೆಯ ಗಿಡಗಳು ಎಲೆಯಲ್ಲೇ ನೀರು ಹೊತ್ತುಕೊಂಡು ಓಡಾಡ್ತವೆ, ವಾರ ಕಳೆಯೋದು ಅವಕ್ಕೆ ಕಷ್ಟ ಅಲ್ಲ. ಬೇರು ಕೀಳುವಾಗ ಆದ ಗಾಯ ಒಣಗಿ ಹೊಪ್ಪಳಿಕೆ ಕಟ್ಟೋಕೆ ಆ ಮೂರು ದಿನ ಬೇಕು. ಗಾಯ ಮುಚ್ಚಿದ ಮೇಲೆ ಕೊಳೆತಕ್ಕೆ ಒಳಗೆ ಹೋಗೋ ದಾರಿ ಇರಲ್ಲ.

ಇಲ್ಲೇ ಒಂದು ಗುರುತು ಹೇಳಿಬಿಡ್ತೀವಿ, ಪಾರ್ಸೆಲ್ ತರಿಸೋರಿಗೂ ಉಪಯೋಗ. ಎಲೆ ಸುಕ್ಕಾಗಿ, ಒಣಗಿದ ಹಾಗೆ ಇದ್ರೆ ಅದು ಬಾಯಾರಿಕೆ, ಬದುಕುತ್ತೆ. ಎಲೆ ಹಳದಿಯಾಗಿ, ಗಾಜಿನ ಹಾಗೆ ಪಾರದರ್ಶಕವಾಗಿ, ಮುಟ್ಟಿದರೆ ನೀರು ಜಿನುಗಿದರೆ ಅದು ಕೊಳೆತ. ಆಗ ಗಟ್ಟಿ ಇರೋ ತುದಿಯನ್ನ ಕತ್ತರಿಸಿ ಒಣಗಿಸಿ ಬೇರೆ ನೆಡಬೇಕು, ಬುಡ ಉಳಿಯಲ್ಲ. ಸುಕ್ಕು ನೋಡಿ ಗಾಬರಿಯಾಗಿ ಬಂದ ದಿನವೇ ಬಕೆಟ್ ನೀರು ಹಾಕಬೇಡಿ. ನೆರಳಿರೋ ಬೆಳಕಿನ ಜಾಗದಲ್ಲಿ ಎರಡು ದಿನ ಹಾಗೇ ಬಿಟ್ಟು, ಆಮೇಲೆ ನೆಟ್ಟು, ಸ್ವಲ್ಪ ನೀರು. ನೇರ ಬಿಸಿಲು ವಾರದ ಮೇಲೆ.

ಎಲ್ಲ ಗಿಡಕ್ಕೂ ಒಂದೇ ಮಂತ್ರ ಇಲ್ಲ

ಮನಿ ಪ್ಲಾಂಟ್‌ನಂಥ ತೆಳು ಎಲೆಯ ಗಿಡವನ್ನ ಮೂರು ದಿನ ಒಣಗಿಸಿದ್ರೆ ಕಥೆ ಮುಗೀತು. ಇದಕ್ಕೆ ನಾವು ಪಾಲಿಸೋ ನಿಯಮ: ಬೇರಿಗೆ ತೇವ, ಎಲೆಗೆ ಒಣ. ನೆನೆಸಿದ ಕೊಕೊಪೀಟನ್ನ ಮುಷ್ಟಿಯಲ್ಲಿ ಹಿಂಡಬೇಕು, ಒಂದು ಹನಿಯೂ ಬೀಳದ ತನಕ. ಅದನ್ನ ಬೇರಿನ ಸುತ್ತ ಇಟ್ಟು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಕಾಂಡದ ಬುಡದಲ್ಲಿ ದಾರದಿಂದ ಕಟ್ಟಬೇಕು. ತೇವ ಆ ಪೊಟ್ಟಣದಿಂದ ಹೊರಗೆ ಬರಬಾರದು. ಎಲೆಗಳನ್ನ ಒಣ ಪೇಪರ್‌ನಲ್ಲಿ ಸಡಿಲವಾಗಿ ಸುತ್ತಬೇಕು, ಅದು ಹನಿಯನ್ನ ಹೀರಿಕೊಳ್ಳುತ್ತೆ. ಡಬ್ಬದ ಪಕ್ಕದಲ್ಲಿ ಪೆನ್ಸಿಲ್ ದಪ್ಪದ ನಾಲ್ಕೈದು ತೂತು. ಬೇರಿನ ಪೊಟ್ಟಣವನ್ನ ಡಬ್ಬದ ಗೋಡೆಗೆ ಟೇಪ್‌ನಿಂದ ಅಂಟಿಸಿದ್ರೆ ಉರುಳಾಟ ಇಲ್ಲ. ಸೋಮವಾರ ಇಲ್ಲವೇ ಮಂಗಳವಾರ ಕಳಿಸಿದ್ರೆ ಭಾನುವಾರ ಗೋಡೌನ್‌ನಲ್ಲಿ ಬೇಯೋ ಸಾಧ್ಯತೆ ಕಡಿಮೆ. ನಮ್ಮ ಗುರುವಾರದ ದಡ್ಡತನ ನೀವು ಮಾಡಬೇಡಿ.

ಕುಂಡ ಬಿಟ್ಟಿದ್ದಕ್ಕೆ ಇನ್ನೊಂದು ಲಾಭವೂ ಸಿಕ್ತು. ಬಹಳ ಕೊರಿಯರ್‌ಗಳು ತೂಕ ಮಾತ್ರ ನೋಡಲ್ಲ. ಡಬ್ಬದ ಉದ್ದ, ಅಗಲ, ಎತ್ತರವನ್ನ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದ ಕಿಲೋಗೂ ನಿಜವಾದ ತೂಕಕ್ಕೂ ಯಾವುದು ಹೆಚ್ಚೋ ಅದಕ್ಕೆ ದುಡ್ಡು ತಗೋತಾರೆ. ಕುಂಡದ ಡಬ್ಬ 30 × 20 × 20, ಅಂದ್ರೆ 2.4 ಕಿಲೋ. ಬರಿಬೇರಿನ ಡಬ್ಬ 20 × 12 × 8, ಅಂದ್ರೆ 0.4 ಕಿಲೋಗೂ ಕಡಿಮೆ. ಕೊಳ್ಳೋರು ಇಷ್ಟು ದಿನ ಗಿಡಕ್ಕಲ್ಲ, ಗಾಳಿಗೂ ಮಣ್ಣಿಗೂ ದುಡ್ಡು ಕೊಡ್ತಿದ್ರು.

ಇನ್ನು ತುಳಸಿ. ಎರಡು ರೀತಿ ಪ್ಯಾಕ್ ಮಾಡಿ ಕಪಾಟಿನಲ್ಲಿಟ್ಟು ನೋಡಿದ್ವಿ, ಎರಡೂ ಸಲ ಎಲೆ ಕಪ್ಪಾಗಿ ಉದುರಿದ್ವು. ಮೃದು ಎಲೆ ಬೇಗ ಗಾಯವಾಗುತ್ತೆ. ಗಾಯವಾದ ಎಲೆ ಎಥಿಲೀನ್ ಬಿಡುತ್ತೆ, ಹುಲ್ಲಿನಲ್ಲಿಟ್ಟ ಬಾಳೆಗೊನೆಯನ್ನ ಹಣ್ಣು ಮಾಡೋ ಅದೇ ಅನಿಲ. ಮುಚ್ಚಿದ ಡಬ್ಬದಲ್ಲಿ ಅದು ಉಳಿದ ಎಲೆಗಳನ್ನೂ ಉದುರಿಸುತ್ತೆ. ಹಾಗಾಗಿ ನಾವು ತುಳಸಿ ಗಿಡ ಮಾರೋದನ್ನ ನಿಲ್ಲಿಸಿದ್ವಿ, ತುಳಸಿ ಬೀಜ ಕಳಿಸ್ತೀವಿ. ಪರೀಕ್ಷೆಯಲ್ಲಿ ಫೇಲಾದ ಗಿಡವನ್ನ ಪಟ್ಟಿಯಿಂದ ತೆಗೆಯೋದೂ ಪ್ಯಾಕಿಂಗ್‌ನ ಭಾಗವೇ ಅಂತ ನಮಗೆ ಅನ್ಸುತ್ತೆ.

ಬೀಜದಲ್ಲಿ ಮೋಸ ಇನ್ನೂ ಸುಲಭ

ಗಿಡ ಸತ್ತರೆ ಕಣ್ಣಿಗೆ ಕಾಣುತ್ತೆ. ಬೀಜ ಸತ್ತಿದ್ರೂ ಬದುಕಿದ್ರೂ ನೋಡೋಕೆ ಒಂದೇ. ಮೊಳಕೆ ಬರದಿದ್ರೆ ಮತ್ತೆ ಅದೇ ಮಾತು: ಕೈಗುಣ.

ಬೀಜದ ಆಯಸ್ಸನ್ನ ನಿರ್ಧರಿಸೋದು ಮುಖ್ಯವಾಗಿ ಎರಡು ವಿಷಯ, ಒಳಗಿನ ತೇವ ಮತ್ತು ಬಿಸಿ. ಹ್ಯಾರಿಂಗ್ಟನ್ ಅನ್ನೋ ವಿಜ್ಞಾನಿಯ ಒಂದು ಹಳೆ ಅಂದಾಜು ನಿಯಮ ಇದೆ. ಬೀಜದ ತೇವ ಶೇಕಡಾ 1 ಇಳಿದರೆ ಆಯಸ್ಸು ಸುಮಾರು ಎರಡು ಪಟ್ಟು, ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಎರಡು ಪಟ್ಟು. ನಮ್ಮಜ್ಜಿಯರು ಬೀಜವನ್ನ ಬೂದಿಯಲ್ಲಿ ಕಲಸಿ ಮಡಕೆಯಲ್ಲಿ ಇಡ್ತಿದ್ದಿದ್ದು ಸುಮ್ಮನೆ ಅಲ್ಲ. ಹಸಿ ಬೀಜವನ್ನ ಜಿಪ್ ಕವರ್‌ಗೆ ಹಾಕಿ ಸೀಲ್ ಮಾಡಿದ್ರೆ ಅದು ಒಳಗೇ ಬೆವರಿ ಬೂಷ್ಟು ಹಿಡಿಯುತ್ತೆ. ಹುರುಳಿಕಾಯಿ ಬೀಜದಂಥ ದೊಡ್ಡದನ್ನ ಹಲ್ಲಲ್ಲಿ ಕಚ್ಚಿ ನೋಡಿ. ಹಲ್ಲಿನ ಗುರುತು ಬಿದ್ರೆ ಇನ್ನೂ ಹಸಿ, ಟಕ್ ಅಂತ ಒಡೆದ್ರೆ ಒಣಗಿದೆ. ಚೆನ್ನಾಗಿ ಒಣಗೋ ತನಕ ಪೇಪರ್ ಪೊಟ್ಟಣವೇ ವಾಸಿ.

ಈ ನಿಯಮ ಎಲ್ಲ ಬೀಜಕ್ಕೂ ಹೊಂದಲ್ಲ ಅನ್ನೋದನ್ನೂ ನೆನಪಿಡಿ. ಹಲಸು, ಮಾವು ಒಣಗಿಸಿದ್ರೆ ಸತ್ತೇ ಹೋಗ್ತವೆ. ಹಲಸಿನ ಬೀಜವನ್ನ ತೊಳೆದು, ಹಿಂಡಿದ ಕೊಕೊಪೀಟಿನಲ್ಲಿಟ್ಟು ಬೇಗ ಕಳಿಸಬೇಕು. "ಒಣಗಿಸಿದ ಹಲಸಿನ ಬೀಜ, ವರ್ಷ ಇಟ್ಟರೂ ಮೊಳೆಯುತ್ತೆ" ಅಂತ ಯಾರಾದ್ರೂ ಮಾರಿದ್ರೆ ಅವರಿಗೆ ಬೀಜ ಗೊತ್ತಿಲ್ಲ, ಇಲ್ಲ ನಿಮಗೆ ಗೊತ್ತಿಲ್ಲ ಅಂದ್ಕೊಂಡಿದಾರೆ.

ಮೊಳಕೆ ಪರೀಕ್ಷೆಗೆ ಲ್ಯಾಬ್ ಬೇಡ. ಒದ್ದೆ ಟಿಶ್ಯೂ ಪೇಪರ್ ಮೇಲೆ ಬೀಜಗಳನ್ನ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ಕವರ್‌ನಲ್ಲಿ ಸಡಿಲವಾಗಿ ಇಟ್ಟರೆ ಸಾಕು. ಟೊಮೇಟೊ, ಮೆಣಸಿನಕಾಯಿಗೆ 14 ದಿನ ಕಾದು ಎಣಿಸಬೇಕು. ಪ್ರಶ್ನೆ ಎಷ್ಟು ಬೀಜ ಅನ್ನೋದು. ಹೆಚ್ಚಿನವರು 10 ಇಟ್ಟು, 8 ಮೊಳೆತರೆ "ಶೇಕಡಾ 80" ಅಂತ ಬರೆದುಬಿಡ್ತಾರೆ. ಎಂ4 ಪೇಪರ್‌ನಲ್ಲಿ ಓದಿದ ಬೈನಾಮಿಯಲ್ ನೆನಪಿದ್ರೆ ಲೆಕ್ಕ ಹಾಕಿ ನೋಡಿ. 10ರಲ್ಲಿ 8 ಬಂದಾಗ ನಿಜವಾದ ಪ್ರಮಾಣ ಸುಮಾರು 44ರಿಂದ 97ರ ನಡುವೆ ಎಲ್ಲಿ ಬೇಕಾದ್ರೂ ಇರಬಹುದು, ಶೇಕಡಾ 95 ಭರವಸೆಯಲ್ಲಿ. 100ರಲ್ಲಿ 80 ಬಂದರೆ ಆ ಅಂತರ 71ರಿಂದ 87ಕ್ಕೆ ಕುಗ್ಗುತ್ತೆ. ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಕ್ರಮದಲ್ಲಿ 400 ಬೀಜ ಎಣಿಸೋದು ಇದಕ್ಕೇ.

ನಮ್ಮ ಹತ್ರ 400 ಬೀಜ ವ್ಯರ್ಥ ಮಾಡೋವಷ್ಟು ಇರಲ್ಲ. ಅದಕ್ಕೆ ನಾವು ಶೇಕಡಾವಾರು ಬರೆಯೋದನ್ನೇ ಬಿಟ್ವಿ. ಪೊಟ್ಟಣದ ಮೇಲೆ ಹೀಗೆ ಬರೀತೀವಿ: "ಚೆಂಡು ಹೂ. ಕಿತ್ತ ತಿಂಗಳು ಜನವರಿ. ಪರೀಕ್ಷೆ ಏಪ್ರಿಲ್ 12. ಇಟ್ಟಿದ್ದು 50, ಮೊಳೆತಿದ್ದು 39." ಓದಿದವರಿಗೆ ನಂಬಿಕೆ ಎಷ್ಟಿಡಬೇಕು ಅಂತ ಅವರೇ ತೀರ್ಮಾನ ಮಾಡ್ತಾರೆ. ಅವರ ಹತ್ರ ಒಂದೂ ಮೊಳೆಯದಿದ್ರೆ ಅದು ಕೈಗುಣ ಅಲ್ಲ, ಎಲ್ಲೋ ಬೇರೆ ಕಾರಣ ಇದೆ ಅಂತಲೂ ಗೊತ್ತಾಗುತ್ತೆ.

ಇಲ್ಲಿ ಒಂದು ಕಾನೂನಿನ ಮಾತು. ತರಕಾರಿ, ಹಣ್ಣು, ಧಾನ್ಯದ ಬೀಜ ವ್ಯಾಪಾರಕ್ಕೆ 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಪರವಾನಗಿ ಬೇಕು. ಹಾಸ್ಟೆಲ್ ರೂಮಿನಿಂದ ಟೊಮೇಟೊ ಬೀಜ ಮಾರ್ತೀನಿ ಅಂದ್ರೆ ಆಗಲ್ಲ. ಇದು ಗೊತ್ತಾದ ಮೇಲೆ ನಾವು ತರಕಾರಿ ಬೀಜ ಮಾರೋದನ್ನ ಬಿಟ್ಟು, ಗೆಳೆಯರ ನಡುವೆ ಹಂಚಿಕೊಳ್ತೀವಿ.

ಇನ್ನೊಂದು ಅಮೆರಿಕದಿಂದ ಬಂದ ಬೇಡಿಕೆ. ನಮ್ಮಲ್ಲೊಬ್ಬನ ಕಸಿನ್ ಅಕ್ಕ "ಒಂದು ಪುಟ್ಟ ಕರಿಬೇವಿನ ಗಿಡ ಪೋಸ್ಟ್ ಮಾಡೋ, ಇಲ್ಲಿ ಎಲೆಗೆ ಸಿಕ್ಕಾಪಟ್ಟೆ ರೇಟು" ಅಂದಳು. ಒಂದು ಕಡ್ಡಿಯಿಂದ ಏನು ಮಹಾ ಅಂತ ಅನ್ಸಬಹುದು. ಆದ್ರೆ ಕಿತ್ತಳೆ, ನಿಂಬೆ ತೋಟಗಳನ್ನ ಹಾಳು ಮಾಡೋ ಹಸಿರು ರೋಗವನ್ನ ಹರಡೋ ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತೆ. ಅದಕ್ಕೇ ಅಲ್ಲಿ ಕರಿಬೇವಿನ ಗಿಡದ ಸಾಗಾಟಕ್ಕೆ ಕಟ್ಟುನಿಟ್ಟು. ದೇಶದ ಗಡಿ ದಾಟೋ ಗಿಡಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳೋದು ಈ ಕಾರಣಕ್ಕೆ. ಅಕ್ಕನಿಗೆ ಇಲ್ಲ ಅಂದ್ವಿ. ಅವಳಿಗೆ ಸಿಟ್ಟು ಬಂತು, ಆದ್ರೂ ಅದೇ ಸರಿ ಅಂತ ಈಗಲೂ ನಮ್ಮ ಅಭಿಪ್ರಾಯ.

ಎರಡು ಗಂಟೆಯ ಗ್ಯಾರಂಟಿ ಯಾರಿಗೆ ಬೇಕು?

ಆನ್‌ಲೈನ್ ಗಿಡದಂಗಡಿಗಳಲ್ಲಿ ಒಂದು ಷರತ್ತು ನೋಡಿರ್ತೀರ. ಡಬ್ಬ ತೆಗೆಯೋ ವಿಡಿಯೋ ಮಾಡಬೇಕು, ಬಂದ ಎರಡು ಗಂಟೆಯೊಳಗೆ, ಇಲ್ಲ ಒಂದು ದಿನದೊಳಗೆ ಕಳಿಸಬೇಕು, ಆಮೇಲೆ ಏನಾದ್ರೂ ನಮಗೆ ಸಂಬಂಧ ಇಲ್ಲ. ಕುಂಡ ಒಡೆದಿದ್ರೆ, ಕಾಂಡ ಮುರಿದಿದ್ರೆ ಈ ಷರತ್ತು ಸರಿ. ಆದ್ರೆ ಡಬ್ಬದೊಳಗೆ ಶುರುವಾದ ಕೊಳೆತ ಹೊರಗೆ ಕಾಣೋಕೆ ಬಹಳ ಸಲ ವಾರ, ಹತ್ತು ದಿನ ಬೇಕು. ಧಾರವಾಡದ ಅಮ್ಮನವರ ಗಿಡ ಕೈ ಸೇರಿದಾಗ ಹಸಿರಾಗೇ ಇತ್ತು, ಒಂಬತ್ತನೇ ದಿನ ಬಿದ್ದಿದ್ದು. ಎರಡು ಗಂಟೆಯ ಗ್ಯಾರಂಟಿ ನಿಖರವಾಗಿ ನಮ್ಮ ತಪ್ಪನ್ನೇ ಹೊರಗಿಡುತ್ತೆ. ಹಾಗಾಗಿ ಗ್ಯಾರಂಟಿ ಕನಿಷ್ಠ 15 ದಿನ ಇರಬೇಕು ಅಂತ ನಾವು ವಾದ ಮಾಡ್ತೀವಿ.

"ಜನ ತಾವೇ ನೀರು ಸುರಿದು ಕೊಂದು, ಹೊಸ ಗಿಡ ಕೇಳ್ತಾರೆ" ಅಂತ ನಮ್ಮ ಮೆಕ್ಯಾನಿಕಲ್ ಗೆಳೆಯನೇ ತಕರಾರು ತೆಗೆದ. ಆಗುತ್ತೆ, ಇಲ್ಲ ಅನ್ನಲ್ಲ. ಫೋಟೋ ನೋಡಿ ಎಲ್ಲ ಸಲ ಯಾರ ತಪ್ಪು ಅಂತ ಹೇಳೋಕೂ ಆಗಲ್ಲ. ಆದ್ರೆ ನಮ್ಮ ಮಟ್ಟದ ವ್ಯಾಪಾರದಲ್ಲಿ ಒಂದು ಜೇಡ್ ಕಡ್ಡಿ ಬೆಳೆಸೋಕೆ ಹತ್ತು ರೂಪಾಯಿಯೂ ಆಗಲ್ಲ, ದುಬಾರಿ ಇರೋದು ಕೊರಿಯರ್. ಅದಕ್ಕೆ ಗಿಡ ಫ್ರೀ, ಕೊರಿಯರ್ ಅರ್ಧ ನಿಮ್ಮದು ಅರ್ಧ ನಮ್ಮದು ಅಂತ ಮಾಡಿದ್ವಿ. ಸುಮ್ಮಸುಮ್ಮನೆ ಕೇಳೋರಿಗೂ ಸ್ವಲ್ಪ ಖರ್ಚು, ನಮಗೂ ಕೆಟ್ಟ ಪ್ಯಾಕಿಂಗ್‌ಗೆ ದಂಡ. ಜೊತೆಗೆ ಸತ್ತ ಗಿಡದ ಸುದ್ದಿ ನಮಗೆ ಬರೋಕೆ ಶುರುವಾಯ್ತು. ನಮಗೆ ಬೇಕಿದ್ದಿದ್ದೂ ಅದೇ.

ಜೂನ್‌ನಲ್ಲಿ ಎರಡನೇ ಸಲ 20 ಪಾರ್ಸೆಲ್ ಕಳಿಸಿದ್ವಿ, ಜೇಡ್ ಮತ್ತು ಮನಿ ಪ್ಲಾಂಟ್ ಮಾತ್ರ, ಸೋಮವಾರ. ಪ್ರತಿ ಡಬ್ಬದಲ್ಲೂ ಒಂದು ಚೀಟಿ: ಎಂದು ಕಿತ್ತಿದ್ದು, ಎಷ್ಟು ದಿನ ಒಣಗಿಸಿದ್ದು, ಮೊದಲ ನೀರು ಯಾವಾಗ, ಸುಕ್ಕಿದ್ದರೆ ಹೆದರಬೇಡಿ. 15 ದಿನದಲ್ಲಿ ಎರಡು ಸತ್ತ ಸುದ್ದಿ ಬಂತು, ಎರಡೂ ಮನಿ ಪ್ಲಾಂಟ್. ಫೋಟೋ ದೊಡ್ಡದು ಮಾಡಿ ನೋಡಿದಾಗ ಒಂದರಲ್ಲಿ ಬೇರಿನ ಪೊಟ್ಟಣದ ದಾರ ಬಿಚ್ಚಿಹೋಗಿತ್ತು. ಏಪ್ರಿಲ್‌ಗಿಂತ ಜೂನ್ ತಂಪು, ತುಳಸಿ ಇರಲಿಲ್ಲ, ಹಾಗಾಗಿ ಪೂರ್ತಿ ಹೆಗ್ಗಳಿಕೆ ನಮ್ಮದೇ ಅಂತ ಹೇಳ್ಕೊಳ್ಳಲ್ಲ. ದಾರದ ಗಂಟು ಮಾತ್ರ ಬದಲಾಯಿಸಿದ್ವಿ.

ಆ 20ರಲ್ಲಿ ಒಂದು ಧಾರವಾಡಕ್ಕೆ, ದುಡ್ಡಿಲ್ಲದೆ, ಕೊರಿಯರ್ ಪೂರ್ತಿ ನಮ್ಮದೇ. ಚೀಟಿಯ ಹಿಂದೆ "ಅಮ್ಮಾ, ಹೋದ ಸಲ ನೀರು ಹಾಕಿ ಕೊಂದಿದ್ದು ನಾವು" ಅಂತ ಬರೆದಿದ್ವಿ. ಮೂರು ವಾರ ಬಿಟ್ಟು ಫೋಟೋ ಬಂತು. ಕಿಟಕಿ ಕಟ್ಟೆ ಮೇಲೆ ಜೇಡ್, ತುದಿಯಲ್ಲಿ ಎರಡು ಹೊಸ ಎಲೆ. ಕೆಳಗೆ ಒಂದೇ ಸಾಲು: "ಕೈಗುಣ ಛಲೋ ಅದ ಅಂದಂಗಾತು!"